ಫೋಟೋದಲ್ಲಿ 28, ತಕ್ಕಡಿಯಲ್ಲಿ 17: ನುಚ್ಚಿನ ಲೆಕ್ಕ ಯಾಕೆ ಕೂಡುವುದಿಲ್ಲ?

ಒಂದೇ ಚೀಲದ ಅಕ್ಕಿ. ಮೊಬೈಲಿನಲ್ಲಿ ಫೋಟೋ ತೆಗೆದು ಕಾಳು ಎಣಿಸಿದರೆ ನುಚ್ಚು ನೂರಕ್ಕೆ 28. ಅದೇ ಕಾಳನ್ನು ಚಿಮಟದಲ್ಲಿ ಆರಿಸಿ ತಕ್ಕಡಿಗೆ ಹಾಕಿದರೆ ನೂರಕ್ಕೆ 17. ಸರ್ಕಾರಕ್ಕೆ ಕೊಡುವ ಬೆಳ್ತಿಗೆ ಅಕ್ಕಿಗೆ ನುಚ್ಚಿನ ಮಿತಿ ನೂರಕ್ಕೆ 25. ಅಂದರೆ ಫೋಟೋವನ್ನು ನಂಬಿದರೆ ಲಾರಿ ವಾಪಸ್ ಹೋಗಬೇಕು, ತಕ್ಕಡಿಯನ್ನು ನಂಬಿದರೆ ಗೋದಾಮಿನೊಳಗೆ ಇಳಿಸಬೇಕು.

"ಸರ್ರ, ಎರಡರಾಗ ಖರೆ ಯಾವುದು?" ಅಂತ ಹಾನಗಲ್ಲ ಕಡೆಯ ಗಿರಣಿಯವರು ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ನಮ್ಮ ಮನೆಗಳಲ್ಲಿ ಅಕ್ಕಿ ಹಸನು ಮಾಡುವುದು ಯಾರಿಗೂ ಹೊಸದಲ್ಲ. ಮೊರದಲ್ಲಿ ಕೇರಿದರೆ ಹೊಟ್ಟು ಹಾರುತ್ತದೆ, ನುಚ್ಚು ಬೇರೆಯಾಗುತ್ತದೆ, ಉಳಿದ ಕಲ್ಲನ್ನು ಕೈಯಲ್ಲಿ ಆರಿಸುತ್ತಾರೆ. ಅಲ್ಲಿ ಶೇಕಡಾ ಲೆಕ್ಕ ಬೇಕಿರಲಿಲ್ಲ, ಊಟಕ್ಕೆ ಕೂತಾಗ ಹಲ್ಲಿಗೆ ಕಲ್ಲು ಸಿಗದಿದ್ದರೆ ಸಾಕಿತ್ತು. ಅಕ್ಕಿ ಊರು ಬಿಟ್ಟು ದೂರ ಹೋಗತೊಡಗಿದ ಮೇಲೆ, ಕಣ್ಣಾರೆ ನೋಡದ ಮಾಲಿಗೆ ದುಡ್ಡು ಕೊಡುವವನಿಗೆ ಏನಾದರೊಂದು ಅಳತೆ ಬೇಕಾಯಿತು. 1937ರಲ್ಲಿ ಕೃಷಿ ಉತ್ಪನ್ನಗಳ ದರ್ಜೆ ನಿಗದಿಯ ಕಾಯ್ದೆ ಬಂತು, ನಮಗೆಲ್ಲ ಗೊತ್ತಿರುವ ಅಗ್‌ಮಾರ್ಕ್ ಅದರದೇ ಗುರುತು. 1965ರಲ್ಲಿ ಭಾರತೀಯ ಆಹಾರ ನಿಗಮ ಶುರುವಾಯಿತು. ಸರ್ಕಾರವೇ ಟನ್‌ಗಟ್ಟಲೆ ಅಕ್ಕಿ ಕೊಳ್ಳುವಾಗ ಎಷ್ಟು ನುಚ್ಚು ಇರಬಹುದು, ಎಷ್ಟು ಕಸ ಇರಬಹುದು ಎಂದು ಕಾಗದದ ಮೇಲೆ ಬರೆದಿಡಲೇಬೇಕಾಯಿತು.

ಈಗ ಕಾಗದದ ಮೇಲೆ ಇರುವುದು ಇಷ್ಟು. ಪೂರ್ತಿ ಕಾಳಿನ ಮುಕ್ಕಾಲು ಭಾಗಕ್ಕಿಂತ ಚಿಕ್ಕದಾದ ತುಂಡು ನುಚ್ಚು. ಎಂಟನೇ ಒಂದು ಭಾಗಕ್ಕಿಂತಲೂ ಚಿಕ್ಕದಾದರೆ ಅದು ನುಚ್ಚೂ ಅಲ್ಲ, ಕಸದ ಲೆಕ್ಕಕ್ಕೆ ಹೋಗುತ್ತದೆ. ಬೆಳ್ತಿಗೆ ಅಕ್ಕಿಯಲ್ಲಿ ನುಚ್ಚು ನೂರಕ್ಕೆ 25ರವರೆಗೆ ನಡೆಯುತ್ತದೆ, ಕುಸುಬಲಕ್ಕಿಯಲ್ಲಿ 16 ಮಾತ್ರ. ಭತ್ತವನ್ನು ಬೇಯಿಸಿದಾಗ ಕಾಳಿನೊಳಗಿನ ಬಿರುಕುಗಳು ಕೂಡಿಕೊಳ್ಳುತ್ತವೆ, ಗಿರಣಿಯಲ್ಲಿ ಕಡಿಮೆ ಮುರಿಯುತ್ತದೆ, ಅದಕ್ಕೇ ಅಲ್ಲಿ ಬಿಗಿ ಜಾಸ್ತಿ. ಕಸ ಎಲ್ಲ ಸೇರಿ ನೂರಕ್ಕೆ ಅರ್ಧ, ಅದರಲ್ಲಿ ಕಲ್ಲು ಮಣ್ಣು ನೂರಕ್ಕೆ ಕಾಲು, ಅಂದರೆ 0.25 ದಾಟುವಂತಿಲ್ಲ. ಇವೆಲ್ಲವೂ ತೂಕದ ಲೆಕ್ಕ, ಇದನ್ನು ನೆನಪಿಟ್ಟುಕೊಳ್ಳಿ.

ನುಚ್ಚು ಆಗುವುದರಲ್ಲಿ ಗಿರಣಿಯ ತಪ್ಪು ಎಷ್ಟೋ, ಹೊಲದ್ದೂ ಅಷ್ಟೇ. ಕೊಯ್ಲಿನ ಹೊತ್ತಿಗೆ ಮಳೆ ಬಂದು ಒಣಗಿದ ಭತ್ತ ಮತ್ತೆ ನೆನೆದರೆ, ಅಥವಾ ಕಣದಲ್ಲಿ ಕಡು ಬಿಸಿಲಿಗೆ ಗಡಿಬಿಡಿಯಲ್ಲಿ ಒಣಗಿಸಿದರೆ, ಸಿಪ್ಪೆಯೊಳಗೇ ಕಾಳು ಬಿರಿಯುತ್ತದೆ. ಹೊರಗಿನಿಂದ ನೋಡಿದರೆ ಭತ್ತ ಚೆಂದವೇ ಕಾಣುತ್ತದೆ. ಗಿರಣಿಗೆ ಹೋದ ಮೇಲೆ ಬಣ್ಣ ಬಯಲು. ಹಳೆಯ ಹಲ್ಲರ್ ಗಿರಣಿಗಳಲ್ಲಂತೂ ಸಿಪ್ಪೆ ಸುಲಿಯುವುದೂ ಪಾಲಿಶ್ ಮಾಡುವುದೂ ಒಂದೇ ಉಜ್ಜಾಟದಲ್ಲಿ ಆಗುತ್ತಿತ್ತು, ನುಚ್ಚು ವಿಪರೀತ. ಈಗಿನ ರಬ್ಬರ್ ರೋಲಿನ ಯಂತ್ರ ಮೊದಲು ಸಿಪ್ಪೆಯನ್ನಷ್ಟೇ ಬಿಡಿಸುತ್ತದೆ.

ಕೈಯಿಂದ ಪರೀಕ್ಷೆ ಮಾಡುವ ರೀತಿ ದಶಕಗಳಿಂದ ಹೆಚ್ಚು ಬದಲಾಗಿಲ್ಲ. ಚೀಲಗಳಿಗೆ ಕೊಳವೆ ಚುಚ್ಚಿ ಕಾಳು ತೆಗೆಯುತ್ತಾರೆ, ಎಲ್ಲವನ್ನೂ ಕಲಸಿ ಭಾಗ ಮಾಡುತ್ತಾ ಬರುತ್ತಾರೆ. ಕಲ್ಲು ಕಸ ನೋಡುವುದಕ್ಕೆ ಅರ್ಧ ಕೇಜಿಯಷ್ಟು ದೊಡ್ಡ ಪಾಲು. ನುಚ್ಚು ಆರಿಸುವುದಕ್ಕೆ ಅದರಲ್ಲೇ ಒಂದು ಚಿಕ್ಕ ಹಿಡಿ. ಅದನ್ನು ತಟ್ಟೆಯಲ್ಲಿ ಹರಡಿ, ಅನುಮಾನ ಬಂದ ಪ್ರತಿ ತುಂಡನ್ನೂ ಚಿಮಟದಲ್ಲಿ ಎತ್ತಿ ಪೂರ್ತಿ ಕಾಳಿನ ಪಕ್ಕ ಇಟ್ಟು ನೋಡುತ್ತಾರೆ. ಮುಕ್ಕಾಲಿನ ಹತ್ತಿರ ಇರುವ ತುಂಡುಗಳೇ ತಲೆನೋವು. ಬೆಳಿಗ್ಗೆ "ಇದು ಪೂರ್ತಿ" ಎಂದ ಕೈ ಸಂಜೆ ಕಣ್ಣು ಸೋತಾಗ "ಇದು ನುಚ್ಚು" ಎನ್ನಬಹುದು. ಗಿರಣಿಯವರಿಗೂ ಗೋದಾಮಿನವರಿಗೂ ಜಗಳ ಹತ್ತುವುದು ಇಲ್ಲೇ, ಫೋಟೋ ತೆಗೆಯುವ ಆಸೆ ಹುಟ್ಟಿದ್ದೂ ಇಲ್ಲೇ.

ಯಂತ್ರದ ಕಣ್ಣು ಅಕ್ಕಿಗೆ ಹೊಸದೇನಲ್ಲ. ಅಂಗಡಿಯಲ್ಲಿ "ಸಾರ್ಟೆಕ್ಸ್ ಅಕ್ಕಿ" ಅಂತ ಮಾರುತ್ತಾರಲ್ವಾ, ಅದು ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರದ ಕಂಪನಿಯ ಹೆಸರು. ಕಾಳುಗಳು ಜಾರುದಾರಿಯಲ್ಲಿ ಸಾಲಾಗಿ ಬೀಳುತ್ತವೆ, ಕಪ್ಪು ಕಾಳು ಕಂಡರೆ ಗಾಳಿಯ ಹೊಡೆತಕ್ಕೆ ಪಕ್ಕಕ್ಕೆ ಹಾರುತ್ತದೆ. ಅದಕ್ಕೆ ಬಣ್ಣ ಗೊತ್ತಾದರೆ ಸಾಕು, ನೂರಕ್ಕೆ ಎಷ್ಟು ಎಂದು ಯಾರಿಗೂ ವರದಿ ಕೊಡಬೇಕಿಲ್ಲ. ಫೋಟೋದಿಂದ ದರ್ಜೆ ಹೇಳುವುದು ಬೇರೆಯೇ ಕೆಲಸ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲೇ ಗೋಧಿ, ಬಾರ್ಲಿಯ ಮೇಲೆ ಇದು ನಡೆದಿತ್ತು. ನಮ್ಮ ಹುಬ್ಬಳ್ಳಿಯೂ ಹಿಂದೆ ಬಿದ್ದಿಲ್ಲ. ಇಲ್ಲಿನ ಕೆಎಲ್‌ಇ ತಾಂತ್ರಿಕ ಸಂಸ್ಥೆಯಲ್ಲಿದ್ದ ಬಿ.ಎಸ್. ಅನಾಮಿ ಮತ್ತು ಜೊತೆಗಾರರು, ಕಾಳಿನ ರಾಶಿಯ ಫೋಟೋದಲ್ಲಿ ಕಲ್ಲು ಕಸ ಬೆರೆತಾಗ ಗುರುತಿಸುವುದು ಎಷ್ಟು ಕೆಡುತ್ತದೆ ಎನ್ನುವುದನ್ನೇ 2009ರ ಹೊತ್ತಿಗೆ ಪರೀಕ್ಷಿಸಿ ಪ್ರಬಂಧ ಬರೆದಿದ್ದರು. ಆಮೇಲೆ ಮಾರುಕಟ್ಟೆಗಳು ಆನ್‌ಲೈನ್ ಆದವು. ಕರ್ನಾಟಕದಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ, ದೇಶಕ್ಕೆಲ್ಲ 2016ರಿಂದ ಇ-ನ್ಯಾಮ್. ದೂರದಲ್ಲಿ ಕೂತು ಬೋಲಿ ಹಾಕುವವನಿಗೆ ಗುಣಮಟ್ಟದ ವರದಿ ಕೂಡಲೇ ಬೇಕು, ಚಿಮಟ ಹಿಡಿದು ಕೂರುವಷ್ಟು ಪುರುಸೊತ್ತು ಎಲ್ಲಿದೆ? ಮೊಬೈಲ್ ಒಳಗೆ ಬಂದದ್ದು ಹೀಗೆ.

ಈಗ ಮೊದಲಿನ ಲೆಕ್ಕಕ್ಕೆ ಬರೋಣ. ಫೋಟೋದಲ್ಲಿ 700 ಕಾಳು ಇವೆ ಎಂದುಕೊಳ್ಳಿ. 500 ಪೂರ್ತಿ, 200 ನುಚ್ಚು. 700ಕ್ಕೆ 200 ಅಂದರೆ ನೂರಕ್ಕೆ 28ಕ್ಕಿಂತ ಚೂರು ಜಾಸ್ತಿ. ಒಂದು ಪೂರ್ತಿ ಕಾಳು 18 ಮಿಲಿಗ್ರಾಂ, ನುಚ್ಚು ಸರಾಸರಿ ಅರ್ಧ ಕಾಳಿನಷ್ಟು, ಅಂದರೆ 9 ಮಿಲಿಗ್ರಾಂ ಎಂದಿಟ್ಟುಕೊಂಡರೆ, ಪೂರ್ತಿ ಕಾಳುಗಳ ತೂಕ 9 ಗ್ರಾಂ, ನುಚ್ಚಿನದು 1.8 ಗ್ರಾಂ. ಒಟ್ಟು 10.8 ಗ್ರಾಂನಲ್ಲಿ 1.8 ಅಂದರೆ ನೂರಕ್ಕೆ 16.7. ಮೊಬೈಲೂ ಸುಳ್ಳು ಹೇಳಿಲ್ಲ, ತಕ್ಕಡಿಯೂ ಹೇಳಿಲ್ಲ. ಒಂದು ತಲೆ ಎಣಿಸಿತು, ಇನ್ನೊಂದು ತೂಗಿತು. ನಿಯಮ ಇರುವುದು ತೂಕಕ್ಕೆ, ಹಾಗಾಗಿ ಲಾರಿ ಒಳಗೇ ಹೋಗಬೇಕು.

ಇದಕ್ಕೆ ಪರಿಹಾರ ಫೋಟೋದಲ್ಲೇ ಇದೆ. ಒಂದೇ ತಳಿಯ ಅಕ್ಕಿಯಲ್ಲಿ ತುಂಡಿಗೂ ಪೂರ್ತಿ ಕಾಳಿಗೂ ಅಗಲ ದಪ್ಪ ಹೆಚ್ಚು ಕಡಿಮೆ ಒಂದೇ, ಉದ್ದ ಮಾತ್ರ ಬೇರೆ. ಹಾಗಾಗಿ ಎಣಿಕೆ ಬಿಟ್ಟು, ಫೋಟೋದಲ್ಲಿ ಪ್ರತಿ ಕಾಳು ಎಷ್ಟು ಜಾಗ ಹಿಡಿದಿದೆ ಎಂದು ಕೂಡಿಸಿದರೆ 500 ಪಾಲು ಪೂರ್ತಿ, 100 ಪಾಲು ನುಚ್ಚು ಬರುತ್ತದೆ. 600ರಲ್ಲಿ 100, ಅದೇ 16.7. ಯಾರಾದರೂ ಫೋಟೋ ವರದಿ ತೋರಿಸಿದರೆ ಮೊದಲು ಕೇಳಬೇಕಾದ್ದು ಇದು: ಎಣಿಸಿದ್ದೋ, ಜಾಗ ಅಳೆದದ್ದೋ?

ಆದರೆ ಜಾಗದ ಲೆಕ್ಕ ನುಚ್ಚಿಗೆ ಸರಿ ಹೊಂದಿತು ಅಂತ ಎಲ್ಲದಕ್ಕೂ ಅದನ್ನೇ ಹಚ್ಚಿದರೆ ಕೆಡುತ್ತದೆ. ಹೊಟ್ಟಿನ ಒಂದು ಚೂರು ಫೋಟೋದಲ್ಲಿ ಕಾಳಿನಷ್ಟೇ ದೊಡ್ಡದಾಗಿ ಕಾಣುತ್ತದೆ, ತೂಗಿದರೆ ಬರೀ 2 ಮಿಲಿಗ್ರಾಂ ಸುಮಾರು. ಜಾಗ ನೋಡಿದರೆ ಎಂಟೊಂಬತ್ತು ಪಟ್ಟು ಜಾಸ್ತಿ ಲೆಕ್ಕ ಬಂದುಬಿಡುತ್ತದೆ. ಕಲ್ಲಿನದು ಇದರ ಉಲ್ಟಾ. ಅದು ಅಕ್ಕಿಗಿಂತ ಭಾರ, ಮೇಲಾಗಿ ದುಂಡಗೆ, ಮೇಲಿನಿಂದ ನೋಡಿದರೆ ಚಿಕ್ಕದಾಗಿ ಕಾಣುತ್ತದೆ. 3 ಮಿಲಿಮೀಟರಿನ ಒಂದು ಉರುಟು ಕಲ್ಲು 37 ಮಿಲಿಗ್ರಾಂ ಹತ್ತಿರ ಬರುತ್ತದೆ, ಅಂದರೆ ಎರಡು ಪೂರ್ತಿ ಕಾಳಿನಷ್ಟು. ನಮ್ಮ 10.8 ಗ್ರಾಂನ ಫೋಟೋದಲ್ಲಿ ಅಂಥದ್ದು ಒಂದೇ ಒಂದು ಇದ್ದರೂ ನೂರಕ್ಕೆ 0.34 ಆಯಿತು, ನೂರಕ್ಕೆ ಕಾಲಿನ ಮಿತಿ ದಾಟಿತು. ಅದು ಪಕ್ಕದ ಹಿಡಿಯಲ್ಲಿ ಉಳಿದಿದ್ದರೆ ಕಲ್ಲು ಸೊನ್ನೆ. ಒಂದು ಕಲ್ಲಿನ ಮೇಲೆ ಇಡೀ ಲಾರಿಯ ಹಣೆಬರಹ ನಿಂತರೆ ಅದನ್ನು ಪರೀಕ್ಷೆ ಅನ್ನಲಾಗದು. ಕೈ ಪರೀಕ್ಷೆಯಲ್ಲಿ ಕಸಕ್ಕೆ ದೊಡ್ಡ ಪಾಲು, ನುಚ್ಚಿಗೆ ಚಿಕ್ಕ ಪಾಲು ಯಾಕೆ ಎನ್ನುವುದು ಈಗ ಗೊತ್ತಾಯಿತಲ್ವಾ? ಕಲ್ಲಿಗೆ ಇವತ್ತಿಗೂ ಜರಡಿ, ತಕ್ಕಡಿಯೇ ಬೇಕು ಎನ್ನುವುದು ನನ್ನ ಅಭಿಪ್ರಾಯ. ಬಿಳಿ ಬೆಣಚುಕಲ್ಲಂತೂ ಫೋಟೋದಲ್ಲಿ ಅಕ್ಕಿಯ ಹಾಗೇ ಹೊಳೆಯುತ್ತದೆ.

ಫೋಟೋ ತೆಗೆಯುವುದರಲ್ಲೇ ಆಗುವ ಎಡವಟ್ಟುಗಳೂ ಇವೆ. ಎರಡು ನುಚ್ಚು ತುದಿಗೆ ತುದಿ ತಾಗಿ ಬಿದ್ದರೆ ಒಂದು ಪೂರ್ತಿ ಕಾಳು ಆಗಿಬಿಡುತ್ತದೆ. ಅದಕ್ಕೇ ತಟ್ಟೆಯನ್ನು ಅಲ್ಲಾಡಿಸಿ ಕಾಳು ಬಿಡಿಬಿಡಿಯಾಗುವಂತೆ ಹರಡಬೇಕು. ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಕಿ ಚೆನ್ನಾಗಿ ಎದ್ದು ಕಾಣುತ್ತದೆ, ಆದರೆ ಕಪ್ಪು ಮಣ್ಣಿನ ಹೆಂಟೆ ಮಾಯ. ನೀಲಿ ಹಾಳೆ ಹಾಕಿದರೆ ಅಕ್ಕಿ, ಹೊಟ್ಟು, ಮಣ್ಣು ಮೂರೂ ಕಾಣುತ್ತವೆ. ಮೊಬೈಲನ್ನು ಓರೆ ಹಿಡಿದರೆ ಅಂಚಿನ ಕಾಳುಗಳ ಉದ್ದ ಬದಲಾಗುತ್ತದೆ. ಸ್ಕ್ಯಾನರ್ ಮೇಲೆ ಹರಡಿದರೆ ಆ ತೊಂದರೆ ಇಲ್ಲ, ಇಂಚಿಗೆ 300 ಚುಕ್ಕಿಯಂತೆ ತೆಗೆದರೆ 6 ಮಿಲಿಮೀಟರಿನ ಕಾಳಿಗೆ 70 ಚುಕ್ಕಿ ಸಿಗುತ್ತದೆ, ಮುಕ್ಕಾಲು ಎಲ್ಲಿ ಬರುತ್ತದೆ ಎಂದು ಹೇಳಲು ಅಷ್ಟು ಸಾಕು.

ಇನ್ನೊಂದು ಸಿಕ್ಕು ಬೆರಕೆಯದು. ಉದ್ದ ಕಾಳಿನ ನಡುವೆ ಗಿಡ್ಡ ತಳಿಯ ಅಕ್ಕಿ ಸೇರಿದ್ದರೆ, ಬರೀ ಉದ್ದ ಅಳೆಯುವ ಲೆಕ್ಕ ಗಿಡ್ಡ ಕಾಳನ್ನೆಲ್ಲ ನುಚ್ಚು ಎನ್ನುತ್ತದೆ. ಅನುಭವ ಇದ್ದವರು ಉದ್ದ ನೋಡುವುದಿಲ್ಲ, ತುದಿ ನೋಡುತ್ತಾರೆ. ಪೂರ್ತಿ ಕಾಳಿನ ಒಂದು ತುದಿ ದುಂಡು, ಇನ್ನೊಂದು ತುದಿಯಲ್ಲಿ ಮೊಳಕೆ ಉದುರಿದ ಚಿಕ್ಕ ಕಚ್ಚು. ಮುರಿದದ್ದರ ತುದಿ ಕತ್ತರಿಸಿದಂತೆ ಚಪ್ಪಟೆ.

ಹೊಸದಾಗಿ ಸೇರಿಕೊಂಡ ತೊಡಕು ಪಡಿತರದ ಸಾರವರ್ಧಿತ ಅಕ್ಕಿಯದು. ಇದನ್ನು ಎಲ್ಲ ಸರ್ಕಾರಿ ಯೋಜನೆಗಳಿಗೂ ಕೊಡುವುದಾಗಿ 2021ರ ಆಗಸ್ಟ್ 15ರಂದು ಪ್ರಧಾನಿ ಘೋಷಿಸಿದರು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ವಿಟಮಿನ್ ಬೆರೆಸಿ ಕಾಳಿನ ಆಕಾರಕ್ಕೆ ಒತ್ತಿ, 100 ಕೇಜಿಗೆ ಒಂದು ಕೇಜಿಯಂತೆ ಕಲಸುತ್ತಾರೆ. ಆ ಕಾಳಿನ ಬಣ್ಣ ಸ್ವಲ್ಪ ಬೇರೆ, ಹೊಳಪೂ ಬೇರೆ. ಅದನ್ನು ನೋಡಿಯೇ ಎಷ್ಟೋ ಊರುಗಳಲ್ಲಿ ಪ್ಲಾಸ್ಟಿಕ್ ಅಕ್ಕಿ ಬಂತು ಅಂತ ಜನ ಹೌಹಾರಿದ್ದರು. ಫೋಟೋ ನೋಡುವ ಹಳೆಯ ಸಾಫ್ಟ್‌ವೇರ್‌ಗೂ ಅದೇ ಗೊಂದಲ. ನಮ್ಮ 700 ಕಾಳಿನ ಫೋಟೋದಲ್ಲಿ ಇಂಥವು ಆರೇಳು ಬರುತ್ತವೆ. ಈ ಕಾಳಿನ ಗುರುತನ್ನು ಮೊದಲೇ ಬೇರೆಯಾಗಿ ಕಲಿಸಿರದಿದ್ದರೆ ಸಾಫ್ಟ್‌ವೇರ್ ಇವನ್ನು ಕಸಕ್ಕೆ ಸೇರಿಸುತ್ತದೆ, ಕಸ ನೂರಕ್ಕೆ ಒಂದು ಎಂದು ತೋರಿಸುತ್ತದೆ, ಆಗ ನಿಯಮದ ಪ್ರಕಾರವೇ ಬೆರೆಸಿದ ಪ್ರತಿ ಚೀಲವೂ ಫೇಲ್.