ಹಿಂಡಿದರೆ ತಣ್ಣಗಾಗುವ ನೀರು

ಸ್ಥಿರ ತಾಪಮಾನದಲ್ಲಿ ಒತ್ತಡ ಹೆಚ್ಚಿಸಿದರೆ ನೀರಿನ ಎಂಟ್ರೊಪಿ ಎಷ್ಟು ಬದಲಾಗುತ್ತದೆ? ಎಂಟ್ರೊಪಿಯನ್ನು ನೇರವಾಗಿ ಅಳೆಯುವ ಮೀಟರ್ ಯಾವುದೂ ಇಲ್ಲ. ಆದರೂ ಈ ಪ್ರಶ್ನೆಗೆ ಉತ್ತರ ಕೊಡಲು ಥರ್ಮಾಮೀಟರ್ ಮತ್ತು ಗಾತ್ರದ ಅಳತೆ ಸಾಕು. ನೀರನ್ನು ಬಿಸಿ ಮಾಡಿದಾಗ ಅದು ಎಷ್ಟು ಹಿಗ್ಗುತ್ತದೆಂದು ನೋಡಿದರೆ, ಹಿಂಡಿದಾಗ ಎಂಟ್ರೊಪಿ ಏನಾಗುತ್ತದೆಂಬುದು ತಿಳಿಯುತ್ತದೆ. ಮೇಲ್ನೋಟಕ್ಕೆ ಇವೆರಡಕ್ಕೂ ನಂಟೇ ಇಲ್ಲ. ಇವುಗಳನ್ನು ಜೋಡಿಸುವುದು ಮ್ಯಾಕ್ಸ್‌ವೆಲ್ ಸಂಬಂಧಗಳಲ್ಲಿ ಒಂದು.

ಶುರು ಮಾಡಬೇಕಾದದ್ದು ಆಂತರಿಕ ಶಕ್ತಿ U ಇಂದ. ಅದರ ಸಣ್ಣ ಬದಲಾವಣೆ dU = T dS − P dV. ಇಲ್ಲಿ T ತಾಪಮಾನ, S ಎಂಟ್ರೊಪಿ, P ಒತ್ತಡ, V ಗಾತ್ರ. ಸ್ವತಂತ್ರ ಚರಗಳು S ಮತ್ತು V. ನಾವು ಪ್ರಯೋಗದಲ್ಲಿ ಹತೋಟಿಯಲ್ಲಿಡುವುದು ತಾಪಮಾನ ಮತ್ತು ಒತ್ತಡವನ್ನು. ಹಾಗಾಗಿ G = U + PV − TS ಎಂಬ ಗಿಬ್ಸ್ ಶಕ್ತಿಯನ್ನು ತೆಗೆದುಕೊಳ್ಳುತ್ತೇವೆ. ಅವಕಲನ ಮಾಡಿದಾಗ ಬೇಡದ ಪದಗಳೆಲ್ಲ ಹೊಡೆದುಹೋಗಿ ಇಷ್ಟು ಉಳಿಯುತ್ತದೆ:

dG = −S dT + V dP

G ಯ ಮುಖ್ಯ ಗುಣವೆಂದರೆ, ಅದು ಸ್ಥಿತಿಯನ್ನು ಮಾತ್ರ ಅವಲಂಬಿಸುತ್ತದೆ. ಆ ಸ್ಥಿತಿಗೆ ಯಾವ ದಾರಿಯಲ್ಲಿ ಬಂದೆವು ಎಂಬುದನ್ನಲ್ಲ. ಉಷ್ಣಕ್ಕೆ ಈ ಗುಣವಿಲ್ಲ, G ಗೆ ಇದೆ. ಮುಂದಿನದೆಲ್ಲ ಇದೊಂದರಿಂದಲೇ ಹುಟ್ಟುತ್ತದೆ.

ತಾಪಮಾನ–ಒತ್ತಡದ ನಕ್ಷೆಯಲ್ಲಿ ಒಂದು ಪುಟ್ಟ ಆಯತ ಬರೆಯಿರಿ. ಒಂದು ಮೂಲೆಯಿಂದ ಎದುರಿನ ಮೂಲೆಗೆ ಎರಡು ದಾರಿಗಳಿವೆ. ಮೊದಲು ಒತ್ತಡ ಏರಿಸಿ ಆಮೇಲೆ ಬಿಸಿ ಮಾಡಿದರೆ G ಯ ಬದಲಾವಣೆ V(T) dP − S(P+dP) dT. ಮೊದಲು ಬಿಸಿ ಮಾಡಿ ಆಮೇಲೆ ಒತ್ತಡ ಏರಿಸಿದರೆ −S(P) dT + V(T+dT) dP. ತಲುಪಿದ ಜಾಗ ಒಂದೇ ಆದ್ದರಿಂದ ಎರಡೂ ಸಮ ಇರಲೇಬೇಕು. ಸಮ ಮಾಡಿ, ಎರಡೂ ಬದಿಯನ್ನು dP dT ಇಂದ ಭಾಗಿಸಿದರೆ:

(∂S/∂P)_T = −(∂V/∂T)_P

ಕೆಳಗಿನ ಸಣ್ಣ ಅಕ್ಷರ, ಯಾವುದನ್ನು ಸ್ಥಿರವಾಗಿ ಇಟ್ಟಿದ್ದೇವೆಂದು ಹೇಳುತ್ತದೆ. ಅದನ್ನು ಬಿಟ್ಟು ಬರೆದರೆ ಸಮೀಕರಣಕ್ಕೆ ಅರ್ಥವೇ ಇರುವುದಿಲ್ಲ. ಜನ ಹೆಚ್ಚಾಗಿ ಎಡವುವುದು ಮೈನಸ್ ಚಿಹ್ನೆಯಲ್ಲಿ. ಅದಕ್ಕೆ ಆದರ್ಶ ಅನಿಲವೇ ಒಳ್ಳೆಯ ಪರೀಕ್ಷೆ: ಬಿಸಿ ಮಾಡಿದರೆ ಹಿಗ್ಗುತ್ತದೆ, ತಾಪಮಾನ ಬದಲಾಗದಂತೆ ಹಿಂಡಿದರೆ ಎಂಟ್ರೊಪಿ ಇಳಿಯುತ್ತದೆ. ಚಿಹ್ನೆ ಸರಿಯಾಗಿದೆ. U, ಎಂಥಾಲ್ಪಿ, ಹೆಲ್ಮ್‌ಹೋಲ್ಟ್ಸ್ ಶಕ್ತಿ ಇವುಗಳಿಂದಲೂ ಇದೇ ರೀತಿಯಲ್ಲಿ ಒಂದೊಂದು ಸಂಬಂಧ ಸಿಗುತ್ತದೆ.

ಈಗ ನೀರಿಗೆ ಬರೋಣ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಕಿಲೋ ನೀರು ಪ್ರತಿ ಡಿಗ್ರಿಗೆ ಸುಮಾರು 0.21 ಘನ ಸೆಂಟಿಮೀಟರ್ ಹಿಗ್ಗುತ್ತದೆ. ಒತ್ತಡವನ್ನು 10 ಬಾರ್‌ನಷ್ಟು ಹೆಚ್ಚಿಸಿದರೆ, ಸೂತ್ರದ ಪ್ರಕಾರ ಎಂಟ್ರೊಪಿ ಪ್ರತಿ ಕೆಲ್ವಿನ್‌ಗೆ 0.21 ಜೂಲ್‌ನಷ್ಟು ಇಳಿಯಬೇಕು. ತಾಪಮಾನ ಬದಲಾಗಬಾರದೆಂದರೆ ಸುಮಾರು 60 ಜೂಲ್ ಉಷ್ಣ ಹೊರಗೆ ಹೋಗಬೇಕು. ಹೋಗಲು ಬಿಡದೆ ಹಿಂಡಿದರೆ ನೀರು 0.015 ಡಿಗ್ರಿಯಷ್ಟು ಬಿಸಿಯಾಗುತ್ತದೆ.

1 ಡಿಗ್ರಿಯಲ್ಲಿ ಕಥೆ ತಲೆಕೆಳಗಾಗುತ್ತದೆ. ನಾಲ್ಕು ಡಿಗ್ರಿಗಿಂತ ಕೆಳಗೆ ನೀರು ಬಿಸಿಯಾದಂತೆ ಕುಗ್ಗುತ್ತದೆ. 1 ಡಿಗ್ರಿಯ ಹತ್ತಿರ ಕಿಲೋಗೆ, ಪ್ರತಿ ಡಿಗ್ರಿಗೆ ಸುಮಾರು 0.05 ಘನ ಸೆಂಟಿಮೀಟರ್. ಹಾಗಾದರೆ ಹಿಂಡಿದಾಗ ಎಂಟ್ರೊಪಿ ಏರಬೇಕು! ಅದೇ 10 ಬಾರ್‌ಗೆ ನೀರು ಹೊರಗಿನಿಂದ 14 ಜೂಲ್‌ನಷ್ಟು ಉಷ್ಣ ಹೀರಿಕೊಳ್ಳುತ್ತದೆ. ಹೀರಲು ಆಸ್ಪದವಿಲ್ಲದಿದ್ದರೆ ತಾನೇ 0.003 ಡಿಗ್ರಿಯಷ್ಟು ತಣ್ಣಗಾಗುತ್ತದೆ. ತಣ್ಣೀರಿನ ಅಣುಗಳು ಹೈಡ್ರೋಜನ್ ಬಂಧಗಳಿಂದಾಗಿ ನಡುವೆ ಜಾಗ ಬಿಟ್ಟು ಕ್ರಮವಾಗಿ ನಿಂತಿರುತ್ತವೆ. ಒತ್ತಡ ಆ ಕ್ರಮವನ್ನು ಕೆಡಿಸುತ್ತದೆ. ಸೂತ್ರಕ್ಕೆ ಈ ವಿವರ ಬೇಕೇ ಆಗಿಲ್ಲ ಎಂಬುದು ನನಗೆ ಈಗಲೂ ಬೆರಗು.

ಹಿಂಡಿದಾಗ ತಾಪಮಾನ ಎಷ್ಟು ಬದಲಾಗುತ್ತದೆಂದು ಹೇಳುವ ವಿಲಿಯಂ ಥಾಮ್ಸನ್‌ ಸೂತ್ರವನ್ನು ಪರೀಕ್ಷಿಸಲು ಜೇಮ್ಸ್ ಜೂಲ್ ನೀರನ್ನು ಹಿಂಡಿ ನೋಡಿದರು. ಫಲಿತಾಂಶ 1859ರಲ್ಲಿ ಪ್ರಕಟವಾಯಿತು. ಒಂದು ಡಿಗ್ರಿ ಚಿಲ್ಲರೆಯಲ್ಲಿದ್ದ ನೀರು ಹಿಂಡಿದಾಗ ನಿಜವಾಗಿ ತಣ್ಣಗಾಯಿತು. ಬದಲಾವಣೆ ಡಿಗ್ರಿಯ ನೂರನೇ ಒಂದು ಭಾಗಕ್ಕಿಂತ ಕಡಿಮೆ, ಆದರೆ ಲೆಕ್ಕದ ಹತ್ತಿರವೇ ಇತ್ತು. ಮ್ಯಾಕ್ಸ್‌ವೆಲ್ ಈ ಸಂಬಂಧಗಳನ್ನು ರೇಖಾಗಣಿತದ ಮೂಲಕ ತೋರಿಸಿಕೊಟ್ಟದ್ದು ಆಮೇಲೆ, 1871ರಲ್ಲಿ.

ನಮ್ಮ ಲೆಕ್ಕ ಸಣ್ಣ ಒತ್ತಡಕ್ಕೆ ಮಾತ್ರ ಸರಿ. ಒತ್ತಡ ನೂರಾರು ಬಾರ್‌ಗೆ ಏರಿದರೆ ಹಿಗ್ಗುವ ಪ್ರಮಾಣವೇ ಬದಲಾಗುತ್ತದೆ, ಆಗ ಹೆಜ್ಜೆ ಹೆಜ್ಜೆಯಾಗಿ ಕೂಡಿಸಬೇಕು. ಇನ್ನು ನೀರು ಮಂಜುಗಡ್ಡೆಯಾಗುವ ಗೆರೆಯನ್ನು ಆಯತ ದಾಟಿದರೆ ಸೂತ್ರವೇ ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿ S ಮತ್ತು V ಎರಡೂ ಒಮ್ಮೆಲೇ ಜಿಗಿಯುತ್ತವೆ. G ಮಾತ್ರ ಜಿಗಿಯುವುದಿಲ್ಲ. ಗೆರೆಯ ಎರಡೂ ಬದಿಯ G ಸಮವೆಂದು ಬರೆದರೆ, ಒತ್ತಡದೊಂದಿಗೆ ಕರಗುವ ಬಿಂದು ಎಷ್ಟು ಸರಿಯುತ್ತದೆಂದು ಹೇಳುವ ಕ್ಲಾಪೈರಾನ್ ಸಮೀಕರಣ ಸಿಗುತ್ತದೆ.