17 ಗ್ರಾಹಕರು ಎಲ್ಲಿ ಹೋದರು?

ಗೋಣಿಕೊಪ್ಪದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಲೆಕ್ಕಪತ್ರ ನಾನು ನೋಡಿಕೊಳ್ಳುತ್ತೇನೆ. ಕಾಫಿ ತೋಟದವರು ಮೊಬೈಲಿನಲ್ಲೇ ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯೋದಕ್ಕೆ, ಕೊಯ್ಲಿನ ತೂಕ ಹಾಕೋದಕ್ಕೆ, ವಾರದ ಬಟವಾಡೆ ಲೆಕ್ಕ ಮಾಡೋದಕ್ಕೆ ಅವರದೊಂದು ಆ್ಯಪ್ ಇದೆ. ಗ್ರಾಹಕರು ತಿಂಗಳಿಗೋ ವರ್ಷಕ್ಕೋ ಚಂದಾ ಕಟ್ಟುತ್ತಾರೆ. ಕಂಪನಿಗೆ ದುಡ್ಡು ಹಾಕಿದ ಮೂವರು ಹೂಡಿಕೆದಾರರಿಗೆ ಪ್ರತಿ ತಿಂಗಳೂ ಒಂದು ಪತ್ರ ಹೋಗುತ್ತದೆ. ಅದರಲ್ಲಿ ಎರಡು ಅಂಕಿಗಳನ್ನು ಅವರು ಮೊದಲು ನೋಡುತ್ತಾರೆ: ಚಂದಾ ಆದಾಯ ಎಷ್ಟು, ಬಿಟ್ಟು ಹೋದವರು ಎಷ್ಟು. ನೂರಕ್ಕೆ ಎಷ್ಟು ಜನ ಬಿಟ್ಟರು ಅನ್ನುವ ಈ ಎರಡನೆಯ ಅಂಕಿಗೆ ಚರ್ನ್ ಅನ್ನುತ್ತಾರೆ.

ಕಳೆದ ವರ್ಷ ಮೇ ತಿಂಗಳ ಮೊದಲ ದಿನ ಕಂಪನಿಯ ಮಾಲಕಿ ಏಪ್ರಿಲ್ ಪತ್ರದ ಕರಡು ಕಳಿಸಿದರು. 'ಆದಾಯ ಸುಮಾರು ₹3.4 ಲಕ್ಷ, ಚರ್ನ್ 4.6%' ಅಂತ ಇತ್ತು. ಕಂಪನಿಯ ಗುರುತು ಸಿಗದಿರಲಿ ಅಂತ ಇಲ್ಲಿ ಅಂಕಿಗಳನ್ನು ಬದಲಿಸಿದ್ದೇನೆ, ಲೆಕ್ಕದ ರೀತಿ ಮಾತ್ರ ಅದೇ.

ನಾನು ಫೋನ್ ಮಾಡಿ ಕೇಳಿದೆ, "ಮಾರ್ಚ್ ಕೊನೆಗೆ ಎಷ್ಟು ಗ್ರಾಹಕರಿದ್ದರು?"

"240, ಸರ್."

"ಏಪ್ರಿಲ್‌ನಲ್ಲಿ ಹೊಸಬರು?"

"13. ಬಿಟ್ಟವರು 11."

"ಹಾಗಾದರೆ ಈಗ 242 ಇರಬೇಕು. ಬಿಲ್ಲಿಂಗ್‌ನಲ್ಲಿ ಎಷ್ಟು ತೋರಿಸ್ತಿದೆ?"

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "225 ಇದೆ, ಸರ್."

17 ಜನ ಕಾಣೆಯಾಗಿದ್ದರು. ಚರ್ನ್ ಲೆಕ್ಕ ಸರಿಯಿದೆಯಾ ಅಂತ ನೋಡಲು ನಾನು ಮೊದಲು ಮಾಡುವ ಕೆಲಸ ಇದೇ. ಹಿಂದಿನ ತಿಂಗಳ ಕೊನೆಯ ಸಂಖ್ಯೆಗೆ ಹೊಸಬರನ್ನು ಕೂಡಿಸಿ, ಹೋದವರನ್ನು ಕಳೆದರೆ ಈ ತಿಂಗಳ ಕೊನೆಯ ಸಂಖ್ಯೆ ಬರಬೇಕು. ಬರದಿದ್ದರೆ ಯಾರನ್ನೋ ಎಣಿಸಿಲ್ಲ ಅಂತ ಅರ್ಥ.

ಚಂದಾ ವಸೂಲಿಗೆ ಅವರು ಬಳಸುತ್ತಿದ್ದದ್ದು ರೇಜರ್‌ಪೇ ಅನ್ನುವ ಆನ್‌ಲೈನ್ ಪಾವತಿ ಸೇವೆ. ಅದರಲ್ಲಿ ಪ್ರತಿಯೊಂದು ಚಂದಾಕ್ಕೂ ಒಂದು ಸ್ಥಿತಿ ಇರುತ್ತದೆ. ಮಾಲಕಿ `cancelled` ಅಂತ ಇದ್ದವರನ್ನು ಮಾತ್ರ ಬಿಟ್ಟವರು ಅಂತ ಎಣಿಸಿದ್ದರು. ಆದರೆ ಗ್ರಾಹಕ ಕೈತಪ್ಪುವ ದಾರಿ ಅದೊಂದೇ ಅಲ್ಲ.

ಒಂದು, `halted`. ಚಂದಾ ಹಣ ಖಾತೆಯಿಂದ ಕಡಿತವಾಗದಿದ್ದರೆ ಸ್ಥಿತಿ ಮೊದಲು `pending` ಆಗುತ್ತದೆ. ಮತ್ತೆ ಕೆಲವು ಸಲ ಪ್ರಯತ್ನ ನಡೆಯುತ್ತದೆ. ಅದೂ ಆಗಲಿಲ್ಲ ಅಂದರೆ `halted`. ಆಮೇಲೆ ತಾನಾಗಿ ಹಣ ಎಳೆಯುವುದು ನಿಲ್ಲುತ್ತದೆ, ಆದರೆ ಪ್ರತಿ ತಿಂಗಳ ಇನ್‌ವಾಯ್ಸ್ ಹುಟ್ಟುತ್ತಲೇ ಇರುತ್ತದೆ. ಹಾಗಾಗಿ ಇನ್‌ವಾಯ್ಸ್‌ಗಳ ಮೊತ್ತ ಕೂಡಿ 'ಆದಾಯ' ಅಂತ ಬರೆದರೆ, ಒಂದು ರೂಪಾಯಿಯೂ ಕೊಡದವರು ಅದರೊಳಗೆ ಸೇರಿಬಿಡುತ್ತಾರೆ. ಇವರಲ್ಲಿ ಅಂಥವರು 14 ಮಂದಿ.

ಇನ್ನೊಂದು, `completed`. ರೇಜರ್‌ಪೇಯಲ್ಲಿ ಚಂದಾ ಶುರು ಮಾಡುವಾಗಲೇ ಎಷ್ಟು ಕಂತು ಅಂತ ಹೇಳಬೇಕು. ಅಷ್ಟೂ ಕಂತು ಮುಗಿದರೆ ಚಂದಾ ತಾನೇ ಮುಗಿಯುತ್ತದೆ. ಯಾರೂ ರದ್ದು ಮಾಡಿಲ್ಲ, ಆದರೆ ಗ್ರಾಹಕ ಇಲ್ಲ. ವರ್ಷದ ಚಂದಾದವರಲ್ಲಿ ಮೂವರು ಹೀಗೆ ಹೊರಗೆ ಹೋಗಿದ್ದರು. 14ಕ್ಕೆ 3 ಸೇರಿದರೆ 17. ಕಾಣೆಯಾದವರು ಸಿಕ್ಕರು.

ಪಟ್ಟಿ ಎಳೆಯುವಾಗಲೂ ಎರಡು ವಿಷಯ ಗಮನದಲ್ಲಿ ಇರಬೇಕು. ಎಪಿಐ ಮೂಲಕ, ಅಂದರೆ ಕಮಾಂಡ್ ಕೊಟ್ಟು ನೇರವಾಗಿ ತೆಗೆದರೆ, ಎಷ್ಟು ಬೇಕು ಅಂತ ಹೇಳದಿದ್ದಾಗ ಅದು 10 ಸಾಲು ಮಾತ್ರ ಕೊಡುತ್ತದೆ. ಒಂದು ಸಲಕ್ಕೆ ಜಾಸ್ತಿ ಅಂದರೆ 100. ಇವರ ಪಟ್ಟಿ, ಹಳೆಯ ರದ್ದಾದವರೂ ಸೇರಿ, 400 ದಾಟಿತ್ತು. ಆದ್ದರಿಂದ `skip` ಅನ್ನು 0, 100, 200, 300, 400 ಅಂತ ಬದಲಿಸುತ್ತಾ ಐದು ಸಲ ಎಳೆಯಬೇಕಾಯಿತು.

```
curl -u KEY_ID:KEY_SECRET \
 "https://api.razorpay.com/v1/subscriptions?count=100&skip=0"
```

ಎರಡನೆಯದು ಸಮಯ. ಇಲ್ಲಿ ದಿನಾಂಕಗಳು 1970ರಿಂದ ಎಣಿಸಿದ ಸೆಕೆಂಡುಗಳಾಗಿ ಬರುತ್ತವೆ, ಅದೂ ಯುಟಿಸಿ ಪ್ರಕಾರ. ಸುಮ್ನೆ ದಿನಾಂಕಕ್ಕೆ ತಿರುಗಿಸಿದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ. ಏಪ್ರಿಲ್ 1ರ ಬೆಳಗಿನ ಜಾವ ಮೂರು ಗಂಟೆಗೆ ಮುಗಿದ ಚಂದಾ ಮಾರ್ಚ್ 31ಕ್ಕೆ ಹೋಗಿ ಕೂರುತ್ತದೆ. ಶೀಟಿನಲ್ಲಿ ನಾನು ಹಾಕುವ ಸೂತ್ರ ಇದು:

```
=A2/86400 + DATE(1970,1,1) + TIME(5,30,0)
```

ಇಷ್ಟೆಲ್ಲ ಸರಿ ಮಾಡಿದರೂ ಒಂದು ದೊಡ್ಡ ತೊಡಕು ಉಳಿಯುತ್ತದೆ. ಪಟ್ಟಿ ತೋರಿಸುವುದು ಇವತ್ತಿನ ಸ್ಥಿತಿಯನ್ನು, ಏಪ್ರಿಲ್ 30ರ ಸ್ಥಿತಿಯನ್ನಲ್ಲ. ಚಂದಾ ರದ್ದಾದರೆ ಅಥವಾ ಕಂತು ಮುಗಿದರೆ `ended_at` ನೋಡಿ ದಿನ ಹೇಳಬಹುದು. ಆದರೆ ಏಪ್ರಿಲ್‌ನಲ್ಲಿ `halted` ಆದವರು ಮೇ 6ಕ್ಕೆ ಕಾರ್ಡ್ ಬದಲಿಸಿ ಹಣ ಕಟ್ಟಿದರೆ, ಮೇ 9ಕ್ಕೆ ತೆಗೆದ ಪಟ್ಟಿಯಲ್ಲಿ ಅವರು `active`. ನಡುವೆ ಏನಾಯಿತು ಅನ್ನುವ ಗುರುತು ಆ ಸಾಲಿನಲ್ಲಿ ಇರುವುದಿಲ್ಲ. ಒಂದೇ ತಿಂಗಳಿಗೆ ಇಬ್ಬರು ಎರಡು ದಿನ ಪಟ್ಟಿ ತೆಗೆದು ಎರಡು ಚರ್ನ್ ಹೇಳುವುದು ಹೀಗೆಯೇ. ಇಬ್ಬರೂ ಸುಳ್ಳು ಹೇಳಿರುವುದಿಲ್ಲ.

ಅದಕ್ಕೆ ಪ್ರತಿ ತಿಂಗಳ 1ನೇ ತಾರೀಕು ಬೆಳಿಗ್ಗೆ ಪೂರ್ತಿ ಪಟ್ಟಿ ತೆಗೆದು, ದಿನಾಂಕದ ಹೆಸರಿಟ್ಟು, ಯಾರೂ ತಿದ್ದದ ಹಾಗೆ ಇಡುತ್ತೇವೆ. ಹಿಂದಿನ ತಿಂಗಳ ಪಟ್ಟಿಯ ಪಕ್ಕ ಇಟ್ಟು, `sub_` ಅಂತ ಶುರುವಾಗುವ ಐಡಿ ಹಿಡಿದು ಒಂದೊಂದೇ ಸಾಲು ಹೋಲಿಸುತ್ತೇವೆ. ಆಗ ಇದ್ದು ಈಗ ಇಲ್ಲದವರು ಹೋದವರು. ಆಗ ಇಲ್ಲದೆ ಈಗ ಇರುವವರು ಹೊಸಬರು, ಇಲ್ಲವೇ ಮರಳಿ ಬಂದವರು. `active` ಇದ್ದವರ ಜೊತೆ `pending` ಇದ್ದವರನ್ನೂ ಇದ್ದವರು ಅಂತಲೇ ಎಣಿಸುತ್ತೇವೆ. ಮುಂದೆ `halted` ಆದರೆ ಅದು ಮುಂದಿನ ತಿಂಗಳ ಚರ್ನ್. ಈ ಗೆರೆಯನ್ನು ಬೇರೆ ಕಡೆ ಎಳೆದರೂ ತಪ್ಪಲ್ಲ. ಆದರೆ ತಿಂಗಳಿಗೊಂದು ಕಡೆ ಎಳೆಯಬಾರದು, ಎಲ್ಲಿ ಎಳೆದಿದ್ದೇವೆ ಅಂತ ಪತ್ರದಲ್ಲಿ ಒಂದು ಸಾಲು ಇರಬೇಕು.

ಈಗ ಆದಾಯಕ್ಕೆ ಬರೋಣ. ₹3.4 ಲಕ್ಷ ಅಂತ ಮಾಲಕಿ ಬರೆದದ್ದು ಏಪ್ರಿಲ್‌ನಲ್ಲಿ ಬಂದ ಹಣ. ಹಣ ಬಂದದ್ದು ನಿಜ. ಆದರೆ ಅದರಲ್ಲಿ ಎರಡು ಬೇರೆ ವಿಷಯ ಬೆರೆತಿದ್ದವು. ತಿಂಗಳ ಚಂದಾ ₹1,180, ಅದರಲ್ಲಿ ₹180 ಜಿಎಸ್‌ಟಿ. 18% ತೆರಿಗೆ ಸರ್ಕಾರಕ್ಕೆ ಕಟ್ಟುವ ದುಡ್ಡು, ಕಂಪನಿಯ ಆದಾಯ ಅಲ್ಲ. ವರ್ಷದ ಚಂದಾ ₹12,744, ತೆರಿಗೆ ತೆಗೆದರೆ ₹10,800. ಅದು 12 ತಿಂಗಳ ಸೇವೆಗೆ ಬಂದ ಹಣ, ಹಾಗಾಗಿ ತಿಂಗಳಿಗೆ ₹900. ಏಪ್ರಿಲ್‌ನಲ್ಲಿ ಹೊಸಬರು ಮತ್ತು ನವೀಕರಿಸಿದವರು ಸೇರಿ 12 ಜನ ವರ್ಷದ ಹಣ ಕಟ್ಟಿದ್ದರು. ಅದೊಂದೇ ₹1,52,928. ಈ ಮೊತ್ತವೆಲ್ಲ ಒಂದೇ ತಿಂಗಳ ಆದಾಯ ಅಂತ ತೋರಿಸಿದರೆ ಮೇ ತಿಂಗಳಲ್ಲಿ ವ್ಯಾಪಾರ ಬಿದ್ದುಹೋದ ಹಾಗೆ ಕಾಣುತ್ತದೆ. ಅಲ್ಲಿ ಏನೂ ಬಿದ್ದಿರುವುದಿಲ್ಲ.

ಬಿಲ್ಲಿಂಗ್‌ನಲ್ಲಿ ಬೆಲೆ ಇರುವುದು ಪ್ಲಾನ್‌ನಲ್ಲಿ, ಚಂದಾದ ಸಾಲಿನಲ್ಲಿ `plan_id` ಮಾತ್ರ ಇರುತ್ತದೆ. ಬೆಲೆ ಪೈಸೆಯಲ್ಲಿ ಇರುತ್ತದೆ, ₹1,180 ಅಂದರೆ `118000`. ನೂರರಿಂದ ಭಾಗಿಸುವುದು, ಆಮೇಲೆ 1.18ರಿಂದ ಭಾಗಿಸಿ ತೆರಿಗೆ ತೆಗೆಯುವುದು, ವರ್ಷದ್ದಾದರೆ 12ರಿಂದ ಭಾಗಿಸುವುದು. ಇಷ್ಟು ಮಾಡಿದರೆ ಪ್ರತಿ ಗ್ರಾಹಕರ ತಿಂಗಳ ಖಾಯಂ ಆದಾಯ ಬರುತ್ತದೆ. ಹೂಡಿಕೆದಾರರು ಎಂಆರ್‌ಆರ್ ಅನ್ನುವುದು ಇದನ್ನೇ.

ಈ ರೀತಿ ಮತ್ತೆ ಲೆಕ್ಕ ಹಾಕಿದೆವು. ಮಾರ್ಚ್ ಕೊನೆಗೆ ತಿಂಗಳ ಚಂದಾದವರು 180, ವರ್ಷದವರು 60, ಎಂಆರ್‌ಆರ್ ₹2,34,000. ಹೊಸದಾಗಿ 8 ತಿಂಗಳ ಚಂದಾ, 5 ವರ್ಷದ ಚಂದಾ ಬಂದವು, ₹12,500. ಹೋದದ್ದು ರದ್ದಾದ 11 ಜನರ ₹11,000, ಹಣ ಕಡಿತವಾಗದ 14 ಜನರ ₹14,000, ಕಂತು ಮುಗಿದ ಮೂವರ ₹2,700. ಒಟ್ಟು ₹27,700. ಏಪ್ರಿಲ್ ಕೊನೆಗೆ ಉಳಿದದ್ದು ₹2,18,800. ಗ್ರಾಹಕರ ಲೆಕ್ಕದಲ್ಲಿ 240ರಲ್ಲಿ 28 ಜನ, ಅಂದರೆ 11.7%. ಹಣದ ಲೆಕ್ಕದಲ್ಲಿ 11.8%.

4.6% ಇದ್ದದ್ದು 11.7% ಆಯಿತು. ಮಾಲಕಿ ತುಂಬಾ ಬೇಜಾರಾದರು. "ಇದನ್ನ ಕಳಿಸಿದರೆ ಅವರು ಏನಂದುಕೊಳ್ತಾರೆ, ಸರ್?" ಅಂದರು. ನಾನು ಹೇಳಿದ್ದು ಇಷ್ಟೇ: ಇವತ್ತು ಬಚ್ಚಿಟ್ಟ 14 ಜನ ಮುಂದಿನ ತಿಂಗಳ ಎಂಆರ್‌ಆರ್‌ನಲ್ಲಿ ಇರುವುದಿಲ್ಲ, ಆಗ ಎರಡು ಪತ್ರಕ್ಕೂ ಉತ್ತರ ಕೊಡಬೇಕಾಗುತ್ತದೆ. ಅದರ ಬದಲು ಈ 28 ಜನ ಯಾರು ಅಂತ ನೋಡೋಣ.

ಸೇರಿದ ತಿಂಗಳ ಪ್ರಕಾರ ಬೇರೆ ಮಾಡಿದಾಗ ವಿಷಯ ತಿಳಿಯಾಯಿತು. 240ರಲ್ಲಿ 70 ಜನ ನವೆಂಬರ್‌ನಿಂದ ಈಚೆಗೆ, ಅಂದರೆ ಅರೇಬಿಕಾ ಕೊಯ್ಲು ಶುರುವಾದಾಗಿನಿಂದ ಸೇರಿದವರು. ಹೋದ 28ರಲ್ಲಿ 19 ಜನ ಇವರೇ. ಹಳೆಯ 170 ಜನರಲ್ಲಿ ಹೋದವರು 9 ಮಾತ್ರ, 5.3%. ರೋಬಸ್ಟಾ ಕೊಯ್ಲೂ ಮುಗಿದ ಮೇಲೆ ಸಣ್ಣ ತೋಟಗಳಲ್ಲಿ ಆಳುಗಳು ಕಡಿಮೆ. ಇಬ್ಬರು ಮೂವರ ಹಾಜರಿಗೆ ಪುಸ್ತಕವೇ ಸಾಕು, ಆ್ಯಪ್ ಯಾಕೆ, ಅಲ್ವಾ? ದೊಡ್ಡ ತೋಟದವರಿಗೆ ಕಳೆ, ಗೊಬ್ಬರ, ಮೆಣಸು ಅಂತ ವರ್ಷವಿಡೀ ಚೆಕ್‌ರೋಲ್ ಬೇಕು. ಅವರು ಉಳಿದಿದ್ದರು.

ಇನ್ನು ಆ 14 ಜನ. ಬಿಲ್ಲಿಂಗ್ ಪಟ್ಟಿ 'ಹಣ ಬರಲಿಲ್ಲ' ಅನ್ನುವಷ್ಟನ್ನೇ ಹೇಳುತ್ತದೆ, ಯಾಕೆ ಅಂತ ತಿಳಿಯಲು ಫೋನ್ ಮಾಡಬೇಕು. ಮಾಲಕಿ ಎರಡು ದಿನ ಕೂತು ಎಲ್ಲರಿಗೂ ಮಾಡಿದರು. ಆರು ಜನ ಮುಂದುವರಿಸುವವರೇ ಆಗಿದ್ದರು. ಕೆಲವರಿಗೆ ಕಾರ್ಡ್ ಬದಲಾಗಿತ್ತು, ಕೆಲವರ ಖಾತೆಯಲ್ಲಿ ಆ ದಿನ ಹಣ ಇರಲಿಲ್ಲ. ಕಡಿತಕ್ಕೆ 24 ಗಂಟೆ ಮೊದಲು ತಿಳಿಸಬೇಕು ಅನ್ನುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಸಂದೇಶ ಹೋಗಿತ್ತು, ನೋಡಿರಲಿಲ್ಲ. ಐದು ಜನ, "ಕೊಯ್ಲು ಮುಗೀತಲ್ಲ, ಇನ್ನು ಬೇಡ" ಅಂದರು. ಅವರು ರದ್ದು ಗುಂಡಿ ಒತ್ತಿರಲಿಲ್ಲ, ಅಷ್ಟೇ. ಮೂವರು ಸಿಗಲಿಲ್ಲ.

ಪತ್ರದಲ್ಲಿ ಕೊನೆಗೆ ಹೋದ ಭಾಗ ಹೀಗಿತ್ತು: 'ಏಪ್ರಿಲ್ ಕೊನೆಗೆ ಎಂಆರ್‌ಆರ್ ₹2,18,800, ಜಿಎಸ್‌ಟಿ ಬಿಟ್ಟು. ಗ್ರಾಹಕರ ಚರ್ನ್ 11.7%. ಹೋದ 28 ಜನರಲ್ಲಿ 14 ಜನ ಹಣ ಕಡಿತವಾಗದೆ ಹೋದವರು. ಅವರಲ್ಲಿ 6 ಜನ ಮರಳುವುದಾಗಿ ಹೇಳಿದ್ದಾರೆ, ಬಂದ ಮೇಲೆ ಮಾತ್ರ ಎಣಿಸುತ್ತೇವೆ. ಕೊಯ್ಲಿನ ಕಾಲದಲ್ಲಿ ಸೇರಿದ ಸಣ್ಣ ತೋಟಗಳು ನಮ್ಮಲ್ಲಿ ಉಳಿಯುತ್ತಿಲ್ಲ. ಹಿಂದಿನ ತಿಂಗಳುಗಳಲ್ಲಿ ರದ್ದಾದವರನ್ನು ಮಾತ್ರ ಎಣಿಸಿದ್ದೆವು, ಆ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ ಕಳಿಸುತ್ತೇವೆ.'

ಹಿಂದಿನ ಅಂಕಿ ತಿದ್ದುವುದು ಅಷ್ಟು ಸುಲಭವಾಗಿರಲಿಲ್ಲ. ಹಳೆಯ ತಿಂಗಳ ಪಟ್ಟಿಗಳನ್ನು ಯಾರೂ ತೆಗೆದಿಟ್ಟಿರಲಿಲ್ಲ. ಪ್ರತಿ ಗ್ರಾಹಕರ ಹಣ ಯಾವ್ಯಾವ ತಿಂಗಳು ಬಂತು ಅಂತ ಪಾವತಿ ದಾಖಲೆಯಿಂದ ಹುಡುಕಿ ಜನವರಿಯವರೆಗೆ ಹಿಂದಕ್ಕೆ ಹೋದೆವು, ಅಲ್ಲಿಗೆ ನಿಲ್ಲಿಸಿದೆವು.

ಮೇ ತಿಂಗಳು ಆ ಆರರಲ್ಲಿ ಐದು ಜನ ಹಣ ಕಟ್ಟಿದರು. ಏಪ್ರಿಲ್ ಅಂಕಿಯನ್ನು ಮುಟ್ಟಲಿಲ್ಲ. ಮೇ ಲೆಕ್ಕ ₹2,18,800ರಿಂದಲೇ ಶುರುವಾಯಿತು, ಕೆಳಗೆ 'ಮರಳಿ ಬಂದವರು' ಅಂತ ಹೊಸ ಸಾಲು ಸೇರಿತು, ₹5,000. ಹೂಡಿಕೆದಾರರಲ್ಲಿ ಒಬ್ಬರು ಉತ್ತರ ಬರೆದಿದ್ದರು. ಚರ್ನ್ ಬಗ್ಗೆ ಒಂದು ಮಾತೂ ಇರಲಿಲ್ಲ. ಸಣ್ಣ ತೋಟದವರಿಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರದ ಐದು ತಿಂಗಳ ಚಂದಾ ಯಾಕೆ ಇಡಬಾರದು ಅಂತ ಕೇಳಿದ್ದರು.