ಥರ್ಸ್‌ಡೇ ಅಂದರೆ ಗುರುವಾರ ಏಕೆ? ಇಂಗ್ಲಿಷ್ ವಾರ, ತಿಂಗಳುಗಳ ಹೆಸರಿನ ಮೂಲ

ಇಂಗ್ಲಿಷ್ ವಾರಗಳಲ್ಲಿ ಹೆಚ್ಚು ಗೊಂದಲವಾಗುವುದು ಟ್ಯೂಸ್‌ಡೇ ಮತ್ತು ಥರ್ಸ್‌ಡೇ ನಡುವೆ. ಎರಡೂ ಟಿ ಅಕ್ಷರದಿಂದ ಶುರುವಾಗುತ್ತವೆ, ಕಿವಿಗೂ ಹತ್ತಿರ ಹತ್ತಿರ ಕೇಳುತ್ತವೆ. ತಿಂಗಳುಗಳಲ್ಲಿ ತಪ್ಪುವುದು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಸಾಲು: ಅಕ್ಟೋಬರ್ ಒಂಬತ್ತನೆಯದೋ ಹತ್ತನೆಯದೋ ಎಂದು ಬೆರಳು ಎಣಿಸುವವರು ಕಡಿಮೆಯಿಲ್ಲ. ಎರಡಕ್ಕೂ ಬೇಕಾದ ಕೀಲಿ ಕನ್ನಡ ಬಲ್ಲವರ ಕೈಯಲ್ಲೇ ಇದೆ. ವಾರಗಳಿಗೆ ಪಂಚಾಂಗದ ಗ್ರಹಗಳು, ತಿಂಗಳುಗಳಿಗೆ ಸಪ್ತ, ಅಷ್ಟ, ನವ, ದಶ.

ಮೊದಲು ವಾರ. ನಮ್ಮ ಏಳು ವಾರಗಳಿಗೂ ಇಂಗ್ಲಿಷಿನ ಏಳು ವಾರಗಳಿಗೂ ಒಂದೇ ಗ್ರಹಗಳು, ಅದೇ ಕ್ರಮದಲ್ಲಿ. ಇದು ಕಾಕತಾಳೀಯವಲ್ಲ. ಗ್ರಹಗಳ ಹೆಸರಿನ ವಾರ ರೋಮನ್ ಸಾಮ್ರಾಜ್ಯದ ಕಾಲದಲ್ಲಿ ಮೆಡಿಟರೇನಿಯನ್ ಸುತ್ತಲಿನ ದೇಶಗಳಲ್ಲಿ ಬಳಕೆಗೆ ಬಂತು. ಅಲ್ಲಿಂದ ಅದು ಉತ್ತರ ಯುರೋಪಿಗೂ ಹೋಯಿತು, ಗ್ರೀಕ್ ಜ್ಯೋತಿಷದ ಜೊತೆ ಭಾರತಕ್ಕೂ ಬಂತು.

ಹಾಗಾದರೆ ರವಿಯ ನಂತರ ಸೋಮ, ಸೋಮನ ನಂತರ ಮಂಗಳ ಎಂಬ ಕ್ರಮ ಎಲ್ಲಿಂದ? ಆಕಾಶದಲ್ಲಿ ಈ ಸಾಲು ಕಾಣುವುದಿಲ್ಲ. ಉತ್ತರ ಪಂಚಾಂಗದ ಹೋರೆಯಲ್ಲಿದೆ. ಹಿಂದಿನವರು ಏಳು ಗ್ರಹಗಳನ್ನು ನಿಧಾನವಾಗಿ ಚಲಿಸುವುದರಿಂದ ಬೇಗ ಚಲಿಸುವುದಕ್ಕೆ ಹೀಗೆ ಜೋಡಿಸಿದ್ದರು: ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ. ಶನಿ ಒಂದು ರಾಶಿ ದಾಟಲು ಸುಮಾರು ಎರಡೂವರೆ ವರ್ಷ ಹಿಡಿಯುತ್ತದೆ (ಮೂರು ರಾಶಿ ಸೇರಿದರೆ ಸಾಡೇಸಾತಿಯ ಏಳೂವರೆ ವರ್ಷ), ಗುರುವಿಗೆ ಸುಮಾರು ಒಂದು ವರ್ಷ ಬೇಕು, ಚಂದ್ರನಿಗೆ ಎರಡೂಕಾಲು ದಿನ ಸಾಕು. ದಿನದ 24 ಹೋರೆಗಳನ್ನು ಈ ಸಾಲಿನಲ್ಲೇ ಒಂದೊಂದು ಗ್ರಹಕ್ಕೆ ಹಂಚುತ್ತಾ ಹೋಗುತ್ತಾರೆ. ದಿನದ ಮೊದಲ ಹೋರೆ ಯಾರದೋ ದಿನವೂ ಅವರದೇ.

ಶನಿವಾರದಿಂದ ಎಣಿಸಿ ನೋಡಿ. ಮೊದಲ ಹೋರೆ ಶನಿಯದು. ಏಳೇಳರಂತೆ ಮೂರು ಸುತ್ತು ಮುಗಿದರೆ 21 ಹೋರೆ ಆಯಿತು. ಇಪ್ಪತ್ತೆರಡನೆಯದು ಮತ್ತೆ ಶನಿಯದು, ಇಪ್ಪತ್ತಮೂರನೆಯದು ಗುರುವಿನದು, ಇಪ್ಪತ್ತನಾಲ್ಕನೆಯದು ಮಂಗಳನದು. ಅಲ್ಲಿಗೆ ದಿನ ಮುಗಿಯಿತು. ಮರುದಿನದ ಮೊದಲ ಹೋರೆ ಸಾಲಿನಲ್ಲಿ ಮುಂದಿರುವ ರವಿಯದು, ಹಾಗಾಗಿ ಶನಿವಾರದ ಮರುದಿನ ಭಾನುವಾರ. ರವಿಯಿಂದ ಇದೇ ರೀತಿ ಮೂರು ಮನೆ ಮುಂದೆ ಹೋದರೆ ಚಂದ್ರ, ಚಂದ್ರನಿಂದ ಮೂರು ಮನೆ ಹೋದರೆ ಮಂಗಳ. ಈ ಲೆಕ್ಕವನ್ನು ರೋಮನ್ ಇತಿಹಾಸಕಾರ ಕ್ಯಾಸಿಯಸ್ ಡಿಯೋ ಮೂರನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಅಂದಹಾಗೆ ನಮ್ಮ ‘ಹೋರಾ’ ಮತ್ತು ಇಂಗ್ಲಿಷಿನ ‘ಅವರ್’ ಎರಡೂ ಒಂದೇ ಗ್ರೀಕ್ ಪದದಿಂದ ಬಂದವು.

ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಸಂಡೇಯಲ್ಲಿ ಸನ್, ಅಂದರೆ ಸೂರ್ಯ. ಮಂಡೇಯಲ್ಲಿ ಮೂನ್, ಅಂದರೆ ಚಂದ್ರ. ಸ್ಯಾಟರ್‌ಡೇಯಲ್ಲಿ ಸ್ಯಾಟರ್ನ್, ಶನಿಯ ಲ್ಯಾಟಿನ್ ಹೆಸರೇ ಉಳಿದುಕೊಂಡಿದೆ. ತೊಡಕಿರುವುದು ನಡುವಿನ ನಾಲ್ಕರಲ್ಲಿ. ಮಂಗಳ ಗ್ರಹ ಇಂಗ್ಲಿಷಿನಲ್ಲಿ ಮಾರ್ಸ್ ಆದರೆ ಟ್ಯೂಸ್‌ಡೇಯಲ್ಲಿ ಮಾರ್ಸ್ ಏಕಿಲ್ಲ? ಫ್ರೆಂಚಿನವರು ಇಂದಿಗೂ ಮಂಗಳವಾರವನ್ನು ‘ಮಾರ್ದಿ’ ಎನ್ನುತ್ತಾರೆ, ಅದರಲ್ಲಿ ಮಾರ್ಸ್ ಇದ್ದಾನೆ. ಇಂಗ್ಲಿಷರ ಪೂರ್ವಿಕರಾದ ಜರ್ಮಾನಿಕ್ ಬುಡಕಟ್ಟಿನವರು ಮಾತ್ರ ರೋಮನ್ನರ ದೇವರ ಜಾಗದಲ್ಲಿ ತಮ್ಮ ದೇವರನ್ನು ಕೂರಿಸಿದರು.

ಯುದ್ಧದೇವತೆ ಮಾರ್ಸ್‌ನ ಜಾಗಕ್ಕೆ ಬಂದವನು ‘ಟೀವ್’, ಅವನ ದಿನ ಟ್ಯೂಸ್‌ಡೇ. ಈ ಟೀವ್ ಎಂಬ ಹೆಸರೂ ನಮ್ಮ ‘ದೇವ’ವೂ ಒಂದೇ ಮೂಲದವು. ಮರ್ಕ್ಯುರಿ ಅಂದರೆ ಬುಧನ ಜಾಗಕ್ಕೆ ‘ವೋಡನ್’ ಬಂದ, ಅವನ ದಿನ ವೆನ್ಸ್‌ಡೇ. ಜೂಪಿಟರ್ ಅಂದರೆ ಗುರು ಗ್ರಹ. ರೋಮನ್ನರ ಜೂಪಿಟರ್ ಸಿಡಿಲು ಹಿಡಿದವನು, ಹಾಗಾಗಿ ಅವನ ಜಾಗಕ್ಕೆ ಗುಡುಗಿನ ದೇವರು ‘ಥೋರ್’ ಬಂದ, ಅವನ ದಿನ ಥರ್ಸ್‌ಡೇ. ಪ್ರೇಮದೇವತೆ ವೀನಸ್ ಅಂದರೆ ಶುಕ್ರ, ಆ ಜಾಗಕ್ಕೆ ವೋಡನ್‌ನ ಹೆಂಡತಿ ‘ಫ್ರಿಗ್’ ಬಂದಳು, ಅವಳ ದಿನ ಫ್ರೈಡೇ.

ನೆನಪಿಗೆ ಇಲ್ಲಿ ಒಂದೇ ಕೊಂಡಿ ಗಟ್ಟಿಯಾಗಿದ್ದರೆ ಸಾಕು: ಥಂಡರ್ ಅಂದರೆ ಗುಡುಗು, ಗುಡುಗು–ಗುರುವಾರ. ಥಂಡರ್ ಮತ್ತು ಥೋರ್ ಮೂಲದಲ್ಲಿ ಒಂದೇ ಪದ. ‘ಥ’ ಶಬ್ದ ಬಂದರೆ ಗುಡುಗು, ಅಲ್ಲಿಗೆ ಥರ್ಸ್‌ಡೇ ಗುರುವಾರವೆಂದು ನಿಂತಿತು, ಉಳಿದ ಟ್ಯೂಸ್‌ಡೇ ತಾನಾಗಿಯೇ ಮಂಗಳವಾರವಾಯಿತು. ವೋಡನ್ ಮತ್ತು ಬುಧ ಎರಡರಲ್ಲೂ ‘ಡ–ಧ’ ಇರುವುದು ಆಕಸ್ಮಿಕ, ಸಂಬಂಧವೇನೂ ಇಲ್ಲ. ನೆನಪಿಗೆ ಉಪಯೋಗವಾದರೆ ಅಡ್ಡಿಯಿಲ್ಲ.

ಒಂದು ಕಡೆ ಎಚ್ಚರ ಬೇಕು. ದೇವರ ಗುಣ ಹಿಡಿದು ಹೊಂದಿಸಲು ಹೋದರೆ ದಾರಿ ತಪ್ಪುತ್ತದೆ. ಗುಡುಗು ಅಂದರೆ ನಮಗೆ ನೆನಪಾಗುವವನು ಇಂದ್ರ, ಅವನ ಹೆಸರಿನ ವಾರವೇ ಇಲ್ಲ. ನಮ್ಮ ಗುರು ದೇವತೆಗಳ ಆಚಾರ್ಯ, ಸಿಡಿಲಿಗೂ ಅವನಿಗೂ ಸಂಬಂಧವಿಲ್ಲ. ಶುಕ್ರಾಚಾರ್ಯರನ್ನಂತೂ ಪ್ರೇಮದೇವತೆಯೆಂದು ಯಾರೂ ಹೇಳರು. ಎರಡು ಸಂಪ್ರದಾಯಗಳ ನಡುವೆ ಸಮಾನವಾಗಿರುವುದು ಆಕಾಶದ ಗ್ರಹ ಮಾತ್ರ. ಆದ್ದರಿಂದ ಥೋರ್‌ನಿಂದ ಜೂಪಿಟರ್, ಜೂಪಿಟರ್‌ನಿಂದ ಗುರು ಎಂದು ಗ್ರಹದ ಮೂಲಕವೇ ದಾಟಬೇಕು.

ಕಾಗುಣಿತಕ್ಕೂ ಮೂಲ ನೆರವಾಗುತ್ತದೆ. ವೆನ್ಸ್‌ಡೇ ಎಂದು ಉಚ್ಚರಿಸಿದರೂ ಬರೆಯುವಾಗ ನಡುವೆ ಡಿ ಅಕ್ಷರ ಬರುತ್ತದೆ, ಅದನ್ನು ಬಿಟ್ಟು ತಪ್ಪು ಬರೆಯುವವರೇ ಹೆಚ್ಚು. ಆ ಡಿ ವೋಡನ್‌ನದು. ಮನಸ್ಸಿನಲ್ಲಿ ‘ವೆಡ್–ನೆಸ್–ಡೇ’ ಎಂದು ಬಿಡಿಸಿಕೊಂಡು ಬರೆದರೆ ಅಕ್ಷರ ಬೀಳುವುದಿಲ್ಲ. ಟ್ಯೂಸ್, ವೆಡ್ನೆಸ್, ಥರ್ಸ್ ಈ ಮೂರರಲ್ಲೂ ‘ಡೇ’ಗೆ ಮುಂಚೆ ಎಸ್ ಇದೆ, ಸನ್, ಮನ್, ಫ್ರೈಗಳಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಆ ಎಸ್ ಹಳೆಯ ಇಂಗ್ಲಿಷಿನ ಷಷ್ಠೀ ವಿಭಕ್ತಿ: ಟೀವ್‌ನ ದಿನ, ವೋಡನ್‌ನ ದಿನ, ಥೋರ್‌ನ ದಿನ. ಫ್ರಿಗ್ ಸ್ತ್ರೀಲಿಂಗ ಪದವಾದ್ದರಿಂದ ಅದಕ್ಕೆ ಬೇರೆ ಪ್ರತ್ಯಯ, ಸೂರ್ಯ ಚಂದ್ರರ ಪದಗಳಿಗೂ ಬೇರೆ. ಸ್ಯಾಟರ್‌ಡೇಯಲ್ಲೂ ಹಿಂದೆ ಎಸ್ ಇತ್ತು, ಕಾಲಕ್ರಮದಲ್ಲಿ ಸವೆದುಹೋಯಿತು.

ಇನ್ನು ತಿಂಗಳು. ಲ್ಯಾಟಿನ್ನಿನಲ್ಲಿ ಏಳು ‘ಸೆಪ್ಟೆಮ್’, ಎಂಟು ‘ಆಕ್ಟೋ’, ಒಂಬತ್ತು ‘ನೊವೆಮ್’, ಹತ್ತು ‘ಡೆಕೆಮ್’. ಸಂಸ್ಕೃತದ ಸಪ್ತ, ಅಷ್ಟ, ನವ, ದಶಗಳ ಪಕ್ಕ ಇವನ್ನಿಟ್ಟರೆ ದಾಯಾದಿ ಸಂಬಂಧ ಕಣ್ಣಿಗೆ ಕಾಣುತ್ತದೆ. ಸಪ್ತಸ್ವರದಲ್ಲಿ ಸೆಪ್ಟೆಂಬರ್, ಅಷ್ಟದಿಕ್ಕಿನಲ್ಲಿ ಅಕ್ಟೋಬರ್, ನವಗ್ರಹದಲ್ಲಿ ನವೆಂಬರ್, ದಶಾವತಾರದಲ್ಲಿ ಡಿಸೆಂಬರ್. ನಾವು ನೊವೆಂಬರ್ ಎನ್ನದೆ ನವೆಂಬರ್ ಎನ್ನುವುದರಿಂದ ಅದು ಇನ್ನೂ ಸುಲಭ.

ಆದರೆ ಈ ಅಂಕಿಯನ್ನು ಹಾಗೇ ತಿಂಗಳ ಸಂಖ್ಯೆಯೆಂದು ಬರೆದರೆ ತಪ್ಪಾಗುತ್ತದೆ, ಸೆಪ್ಟೆಂಬರ್ ಇಂದು ಏಳನೆಯದಲ್ಲ, ಒಂಬತ್ತನೆಯದು. ಎರಡು ಕೂಡಿಸಬೇಕು: ಸಪ್ತಕ್ಕೆ ಎರಡು ಸೇರಿದರೆ 9, ಅಷ್ಟಕ್ಕೆ ಸೇರಿದರೆ 10, ನವಕ್ಕೆ 11, ದಶಕ್ಕೆ 12. ಎರಡೇ ಏಕೆಂದರೆ ರೋಮನ್ನರ ಹಳೆಯ ವರ್ಷ ಮಾರ್ಚ್‌ನಲ್ಲಿ ಶುರುವಾಗುತ್ತಿತ್ತು, ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವ ಹಾಗೆ. ಅವರ ಪರಂಪರೆಯ ಪ್ರಕಾರ ಮೊದಲು ಹತ್ತೇ ತಿಂಗಳಿದ್ದವು, ಜನವರಿ ಮತ್ತು ಫೆಬ್ರವರಿ ಆಮೇಲೆ ಸೇರಿದವು. ಕ್ರಿ.ಪೂ. 153ರಿಂದ ರೋಮ್‌ನ ಮುಖ್ಯ ಅಧಿಕಾರಿಗಳಾದ ಕಾನ್ಸಲ್‌ಗಳು ಜನವರಿ 1ರಂದು ಅಧಿಕಾರ ವಹಿಸಿಕೊಳ್ಳತೊಡಗಿದರು, ವರ್ಷದ ಆರಂಭವೂ ಅಲ್ಲಿಗೆ ಸರಿಯಿತು. ಹೆಸರುಗಳನ್ನು ಮಾತ್ರ ಯಾರೂ ತಿದ್ದಲಿಲ್ಲ.

ಜುಲೈ, ಆಗಸ್ಟ್‌ಗಳಿಗೂ ಮೊದಲು ಅಂಕಿಯದೇ ಹೆಸರು: ಐದನೆಯದು ‘ಕ್ವಿಂಟಿಲಿಸ್’, ಆರನೆಯದು ‘ಸೆಕ್ಸ್‌ಟಿಲಿಸ್’. ಜೂಲಿಯಸ್ ಸೀಸರ್ ಹುಟ್ಟಿದ ತಿಂಗಳೆಂದು ಕ್ರಿ.ಪೂ. 44ರಲ್ಲಿ ಕ್ವಿಂಟಿಲಿಸ್ ಜುಲೈ ಆಯಿತು, ಚಕ್ರವರ್ತಿ ಅಗಸ್ಟಸ್‌ನ ಹೆಸರಿನಲ್ಲಿ ಕ್ರಿ.ಪೂ. 8ರಲ್ಲಿ ಸೆಕ್ಸ್‌ಟಿಲಿಸ್ ಆಗಸ್ಟ್ ಆಯಿತು. ಸೀಸರ್ ಮೊದಲು, ಅವನ ದತ್ತುಪುತ್ರ ಅಗಸ್ಟಸ್ ನಂತರ ಎಂದು ನೆನಪಿಟ್ಟರೆ ತಿಂಗಳ ಕ್ರಮವೂ ನಿಲ್ಲುತ್ತದೆ. ಮುಂದೆ ಡೊಮಿಷಿಯನ್ ಎಂಬ ಚಕ್ರವರ್ತಿ ಅಕ್ಟೋಬರ್‌ಗೆ ತನ್ನ ಹೆಸರಿಟ್ಟುಕೊಂಡ, ಅವನು ಸತ್ತ ಮೇಲೆ ಅದನ್ನು ಕಿತ್ತುಹಾಕಿದರು. ಇಲ್ಲವಾದರೆ ಅಷ್ಟದ ಸೂತ್ರ ಕೈಬಿಟ್ಟುಹೋಗುತ್ತಿತ್ತು.

ಅಗಸ್ಟಸ್ ತನ್ನ ತಿಂಗಳಿಗೆ 31 ದಿನ ಬೇಕೆಂದು ಫೆಬ್ರವರಿಯಿಂದ ಒಂದು ದಿನ ಕಿತ್ತುಕೊಂಡ ಎಂಬ ಕತೆಯನ್ನು ಶಾಲೆಗಳಲ್ಲಿ ಈಗಲೂ ಹೇಳುತ್ತಾರೆ. ಅದು ಮಧ್ಯಯುಗದ ಕಟ್ಟುಕತೆ. ಸೀಸರ್‌ಗಿಂತ ಮುಂಚಿನ ವರ್ಷಕ್ಕೆ 355 ದಿನವಿತ್ತು, ಫೆಬ್ರವರಿಗೆ ಆಗಲೇ 28. ಕ್ರಿ.ಪೂ. 45ರಿಂದ ಜಾರಿಗೆ ಬಂದ ಸುಧಾರಣೆಯಲ್ಲಿ ಸೀಸರ್ ಹತ್ತು ದಿನ ಸೇರಿಸಿದ: ಜನವರಿ, ಸೆಕ್ಸ್‌ಟಿಲಿಸ್, ಡಿಸೆಂಬರ್‌ಗಳಿಗೆ ಎರಡೆರಡು, ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್‌ಗಳಿಗೆ ಒಂದೊಂದು. ಆಗಸ್ಟ್ ಎಂಬ ಹೆಸರು ಬರುವ ಮೊದಲೇ ಆ ತಿಂಗಳಿಗೆ 31 ದಿನ ಸಿಕ್ಕಿತ್ತು.

ಉಳಿದ ಹೆಸರುಗಳಲ್ಲಿ ಜನವರಿ ಬಾಗಿಲ ದೇವರು ‘ಜೇನಸ್’ನದು. ಅವನಿಗೆ ಎರಡು ಮುಖ, ಒಂದು ಹಿಂದಕ್ಕೆ ಇನ್ನೊಂದು ಮುಂದಕ್ಕೆ. ಮಾರ್ಚ್ ಮಾರ್ಸ್‌ನದು, ಟ್ಯೂಸ್‌ಡೇಯಲ್ಲಿ ಕಾಣೆಯಾದ ಅದೇ ಮಂಗಳ ಇಲ್ಲಿ ಸಿಗುತ್ತಾನೆ. ಮೇ ‘ಮಾಯಾ’ ಎಂಬ ದೇವತೆಯ, ಜೂನ್ ಜೂಪಿಟರ್‌ನ ಹೆಂಡತಿ ‘ಜೂನೋ’ಳ ಹೆಸರು ಎಂಬುದು ಹೆಚ್ಚು ಪ್ರಚಲಿತ. ಏಪ್ರಿಲ್‌ನ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಈ ಮೂರನ್ನು ಮೂಲ ಹಿಡಿದು ನೆನಪಿಡುವುದಕ್ಕಿಂತ ಬಾಯಿಪಾಠ ಮಾಡುವುದೇ ಸಲೀಸು.

ಫೆಬ್ರವರಿ ಹಾಗಲ್ಲ. ಲ್ಯಾಟಿನ್ನಿನ ‘ಫೆಬ್ರುವಾ’ ಅಂದರೆ ಶುದ್ಧಿಕರ್ಮ. ವರ್ಷದ ಕೊನೆಯಲ್ಲಿ ಮೈಲಿಗೆ ಕಳೆಯುವ, ತೀರಿಹೋದ ಹಿರಿಯರಿಗೆ ಎಡೆಯಿಡುವ ತಿಂಗಳದು. ಬಾಯಲ್ಲಿ ಹಲವರು ‘ಫೆಬ್ಯುವರಿ’ ಎಂದುಬಿಡುತ್ತಾರೆ, ಹಾಗಾಗಿ ಬರೆಯುವಾಗ ಮೊದಲ ಆರ್ ಬಿದ್ದುಹೋಗುತ್ತದೆ. ‘ಫೆಬ್ರುವಾ’ ನೆನಪಿದ್ದರೆ ಬಿ ಆದಮೇಲೆ ಆರ್ ಬಂದೇ ಬರುತ್ತದೆ. ಅಧಿಕ ವರ್ಷದ ಹೆಚ್ಚಿನ ದಿನ ಈ ತಿಂಗಳಿಗೇ ಸೇರುವುದಕ್ಕೂ ಕಾರಣ ಅದೇ ಹಳೆಯ ವರ್ಷ: ಮಾರ್ಚ್‌ನಿಂದ ಎಣಿಸಿದರೆ ಫೆಬ್ರವರಿ ಕೊನೆಯ ತಿಂಗಳು, ಲೆಕ್ಕದ ಕೊರತೆ ತುಂಬಿಸಲು ರೋಮನ್ನರು ದಿನ ಸೇರಿಸುತ್ತಿದ್ದುದು ಅಲ್ಲಿಯೇ.